ಎಂಐಸಿ ಸಂಖ್ಯೆ ಕಡಿಮೆ ಇದ್ದರೆ ಅದೇ ಜೋರಾದ ಔಷಧಿಯೇ?

ಪ್ರಶ್ನೆ: ನಮ್ಮ ಅಮ್ಮನಿಗೆ 62 ವರ್ಷ. ಉರಿಮೂತ್ರ ಅಂತ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ ಮೂತ್ರದ ಕಲ್ಚರ್ ಮಾಡಿಸಿದ್ವಿ. ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾ ಅಂತ ಬಂದಿದೆ. ಔಷಧಿಗಳ ಮುಂದೆ ಎಂಐಸಿ ಅಂತ ಸಂಖ್ಯೆಗಳಿವೆ: ಮೆರೊಪೆನೆಮ್ ≤0.25, ನೈಟ್ರೊಫ್ಯುರಾಂಟಾಯಿನ್ ≤16, ಸಿಪ್ರೊಫ್ಲಾಕ್ಸಾಸಿನ್ ≥4. ಸಂಖ್ಯೆ ಕಡಿಮೆ ಇದ್ದಷ್ಟೂ ಔಷಧಿ ಜೋರು ಅಲ್ವಾ? ಹಾಗಾದ್ರೆ ಡಾಕ್ಟರು 0.25 ಬಿಟ್ಟು 16 ಇರೋದನ್ನ ಯಾಕೆ ಬರೆದ್ರು? ಈ ಸಂಖ್ಯೆಗಳನ್ನ ಲ್ಯಾಬಿನವರು ಹೇಗೆ ಕಂಡುಹಿಡೀತಾರೆ?

ಉತ್ತರ: ನಿಮ್ಮ ಡಾಕ್ಟರು ಬರೆದದ್ದು ಸರಿಯಾಗಿದೆ. ಒಂದು ಔಷಧಿಯ ಎಂಐಸಿಯನ್ನು ಇನ್ನೊಂದು ಔಷಧಿಯ ಎಂಐಸಿ ಜೊತೆ ಹೋಲಿಸುವ ಹಾಗಿಲ್ಲ.

ನಿಮ್ಮ ಕಡೆ ಅಡಿಕೆ ತೋಟದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ಹೊಡೆಯುತ್ತಾರಲ್ಲ, ಅದನ್ನೇ ನೆನೆಸಿಕೊಳ್ಳಿ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಅಂದರೆ ಲೀಟರಿಗೆ 10 ಗ್ರಾಂ ಮೈಲುತುತ್ತ. ಬೇರೆ ಯಾವುದೋ ಔಷಧಿಯ ಡಬ್ಬಿ ಮೇಲೆ ಲೀಟರಿಗೆ 2 ಎಂ.ಎಲ್. ಅಂತ ಬರೆದಿರಬಹುದು. ಎರಡು ಹತ್ತಕ್ಕಿಂತ ಕಡಿಮೆ ಅಂತ ಯಾರೂ ಬೋರ್ಡೋ ಬಿಟ್ಟು ಅದನ್ನು ಕೊಳೆಗೆ ಹೊಡೆಯುವುದಿಲ್ಲ. ಪ್ರತಿ ಔಷಧಿಗೂ ಅದರದ್ದೇ ಅಳತೆ ಇದೆ. ಗೊನೆಗೆ ಎಷ್ಟು ಅಂಟುತ್ತದೆ, ಎಷ್ಟು ದಿನ ನಿಲ್ಲುತ್ತದೆ ಅನ್ನುವುದೂ ಬೇರೆ ಬೇರೆ. ಎಂಐಸಿ ಕತೆಯೂ ಹೀಗೇ. ಅದು ಹೇಗೆ ಬರುತ್ತದೆ ಅಂತ ಒಮ್ಮೆ ನೋಡಿದರೆ ಉಳಿದದ್ದು ತಾನಾಗಿ ಗೊತ್ತಾಗುತ್ತದೆ.

ಎಂಐಸಿ ಅಂದರೆ ಒಂದು ಬ್ಯಾಕ್ಟೀರಿಯಾ ಕಣ್ಣಿಗೆ ಕಾಣುವಷ್ಟು ಬೆಳೆಯದಂತೆ ತಡೆಯಲು ಬೇಕಾದ ಅತಿ ಕಡಿಮೆ ಔಷಧಿ. ಲೆಕ್ಕ ಮಿಲಿಲೀಟರಿಗೆ ಇಷ್ಟು ಮೈಕ್ರೋಗ್ರಾಂ ಅಂತ. 'ತಡೆಯಲು' ಅನ್ನುವ ಮಾತನ್ನು ಗಮನಿಸಿ. ಕೊಲ್ಲಲು ಅಂತ ಅಲ್ಲ. ಬ್ಯಾಕ್ಟೀರಿಯಾ ಸತ್ತಿದೆಯೋ, ಸುಮ್ನೆ ಬೆಳೆಯದೆ ಕೂತಿದೆಯೋ ಅನ್ನುವುದನ್ನು ಈ ಪರೀಕ್ಷೆ ಹೇಳುವುದಿಲ್ಲ.

ಇದನ್ನು ಅಳೆಯುವ ಮೂಲ ವಿಧಾನಕ್ಕೆ ಬ್ರಾತ್ ಡೈಲ್ಯೂಷನ್ ಅನ್ನುತ್ತೇವೆ. ಬ್ರಾತ್ ಅಂದರೆ ಬ್ಯಾಕ್ಟೀರಿಯಾ ಬೆಳೆಯುವ ತಿಳಿಯಾದ ಪೋಷಕ ದ್ರವ. ಈ ಪರೀಕ್ಷೆಗೆ ಮುಲ್ಲರ್ ಹಿಂಟನ್ ಬ್ರಾತ್ ಬಳಸುತ್ತೇವೆ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟಿರಬೇಕು ಅನ್ನುವುದಕ್ಕೂ ಅಳತೆ ಇದೆ. ಡೈಲ್ಯೂಷನ್ ಅಂದರೆ ಔಷಧಿಯನ್ನು ಅರ್ಧ, ಅದರ ಅರ್ಧ, ಅದರ ಅರ್ಧ ಅಂತ ತೆಳುವಾಗಿಸುತ್ತಾ ಹೋಗುವುದು. ಹಿಂದೆ ಸಾಲಾಗಿ ಗಾಜಿನ ಟ್ಯೂಬ್ ಇಟ್ಟುಕೊಂಡು ಮಾಡುತ್ತಿದ್ದರು. ಈಗ ಅಂಗೈ ಅಗಲದ ಪ್ಲಾಸ್ಟಿಕ್ ಪ್ಲೇಟ್ ಬಂದಿದೆ. ಅದರಲ್ಲಿ 8 ಸಾಲು, ಒಂದೊಂದು ಸಾಲಿಗೆ 12 ಗುಳಿ. ಒಟ್ಟು 96. ಪಡ್ಡಿನ ಕಾವಲಿಯ ಗುಳಿಗಳಿದ್ದ ಹಾಗೆ, ಆದರೆ ಬಟಾಣಿ ಕಾಳಿಗಿಂತ ಸ್ವಲ್ಪವೇ ದೊಡ್ಡವು.

ನಿಮ್ಮ ಅಮ್ಮನಿಗೆ ಬಂದಂಥದ್ದೇ ಒಂದು ಇ. ಕೋಲಿ ನಮ್ಮ ಲ್ಯಾಬಿನ ಮೇಜಿಗೆ ಬಂತು ಅಂದುಕೊಳ್ಳಿ. ಮೊದಲ ಸಾಲಿನಲ್ಲಿ ನೈಟ್ರೊಫ್ಯುರಾಂಟಾಯಿನ್ ನೋಡುತ್ತೇವೆ.

ಮಿಲಿಲೀಟರಿಗೆ 256 ಮೈಕ್ರೋಗ್ರಾಂ ಇರುವ ಔಷಧಿಯ ದ್ರಾವಣ ಸಿದ್ಧ ಮಾಡಿಕೊಳ್ಳುತ್ತೇವೆ. ಇದಕ್ಕೆ ಅಂಗಡಿಯ ಮಾತ್ರೆ ಕುಟ್ಟಿ ಹಾಕುವ ಹಾಗಿಲ್ಲ. ಮಾತ್ರೆಯಲ್ಲಿ ಔಷಧಿಯ ಜೊತೆ ಹಿಟ್ಟು, ಅಂಟು ಎಲ್ಲಾ ಇರುತ್ತವೆ. ಅದಕ್ಕೇ ಅಂತ ಸಿಗುವ ಶುದ್ಧ ಪುಡಿ ಬೇಕು. ಅದರ ಡಬ್ಬಿ ಮೇಲೆ ಒಂದು ಮಿಲಿಗ್ರಾಂ ಪುಡಿಯಲ್ಲಿ ನಿಜವಾದ ಔಷಧಿ ಎಷ್ಟು ಅಂತ ಬರೆದಿರುತ್ತದೆ. ಆ ಲೆಕ್ಕ ಹಿಡಿದು ತೂಗುತ್ತೇವೆ.

2ರಿಂದ 11ನೇ ಗುಳಿವರೆಗೆ 50 ಮೈಕ್ರೋಲೀಟರ್ ಬರಿ ಬ್ರಾತ್ ಹಾಕುತ್ತೇವೆ. ಅಂದರೆ ಒಂದೊಂದು ಹನಿಯಷ್ಟು. 12ನೇ ಗುಳಿಗೆ ಎರಡು ಹನಿಯಷ್ಟು. ಮೊದಲನೇ ಗುಳಿಗೆ 100 ಮೈಕ್ರೋಲೀಟರ್ ಔಷಧಿಯ ದ್ರಾವಣ. ಅದರಿಂದ 50 ತೆಗೆದು ಎರಡನೇ ಗುಳಿಗೆ ಹಾಕಿ ಕಲಸುತ್ತೇವೆ. ಅಲ್ಲಿ ಔಷಧಿಯ ಗಾಢತೆ ಅರ್ಧವಾಯಿತು. ಅಲ್ಲಿಂದ 50 ತೆಗೆದು ಮೂರನೆಯದಕ್ಕೆ. ಹೀಗೆ ಹತ್ತನೇ ಗುಳಿವರೆಗೆ ಹೋಗಿ, ಅಲ್ಲಿ ತೆಗೆದ 50 ಮೈಕ್ರೋಲೀಟರನ್ನು ಚೆಲ್ಲಿಬಿಡುತ್ತೇವೆ. ಈಗ ಹತ್ತು ಗುಳಿಗಳಲ್ಲೂ ದ್ರವ ಅಷ್ಟಷ್ಟೇ, ಔಷಧಿ ಮಾತ್ರ ಅರ್ಧರ್ಧ. 11 ಮತ್ತು 12ರಲ್ಲಿ ಔಷಧಿಯೇ ಇಲ್ಲ.

ಇನ್ನು ಬ್ಯಾಕ್ಟೀರಿಯಾ. ಕಲ್ಚರ್ ಪ್ಲೇಟಿನ ಮೇಲೆ ಬೆಳೆದ, ಒಂದೇ ಜಾತಿಯ ಶುದ್ಧ ಕಾಲೊನಿಗಳನ್ನು, ಅಂದರೆ ಬ್ಯಾಕ್ಟೀರಿಯಾ ಗುಂಪಾಗಿ ಬೆಳೆದ ಚುಕ್ಕೆಗಳನ್ನು, ಸಲೈನಿನಲ್ಲಿ ಕಲಸುತ್ತೇವೆ. ಎಷ್ಟು ಮಬ್ಬಾಗಬೇಕು ಅನ್ನುವುದಕ್ಕೆ ಒಂದು ಮಾದರಿ ಟ್ಯೂಬ್ ಇದೆ, ಅರ್ಧ ಮೆಕ್‌ಫಾರ್ಲೆಂಡ್ ಅಂತ ಅದರ ಹೆಸರು. ಅಕ್ಕಚ್ಚಿನ ಮಬ್ಬು ಗೊತ್ತಲ್ವಾ, ಅದಕ್ಕೆ ಇನ್ನೂ ತುಂಬಾ ನೀರು ಬೆರೆಸಿದ ಹಾಗೆ ಇರುತ್ತದೆ. ನಮ್ಮ ಟ್ಯೂಬ್ ಅದರಷ್ಟೇ ಮಬ್ಬಾದರೆ ಮಿಲಿಲೀಟರಿಗೆ ಸುಮಾರು 10 ಕೋಟಿ ಬ್ಯಾಕ್ಟೀರಿಯಾ ಇವೆ ಅಂತ ಲೆಕ್ಕ. ಅದನ್ನು ಬ್ರಾತ್‌ನಲ್ಲಿ ನೂರು ಪಟ್ಟು ತೆಳುವಾಗಿಸಿದರೆ 10 ಲಕ್ಷ. ಇದನ್ನು 1ರಿಂದ 11ನೇ ಗುಳಿವರೆಗೆ 50 ಮೈಕ್ರೋಲೀಟರಿನಂತೆ ಹಾಕುತ್ತೇವೆ. ದ್ರವ ಎರಡು ಪಟ್ಟಾಯಿತು. ಹಾಗಾಗಿ ಬ್ಯಾಕ್ಟೀರಿಯಾ ಮಿಲಿಲೀಟರಿಗೆ 5 ಲಕ್ಷಕ್ಕೆ ಇಳಿಯಿತು. ಔಷಧಿಯೂ ಅರ್ಧವಾಗಿ ಮೊದಲ ಗುಳಿಯಲ್ಲಿ 128, ಆಮೇಲೆ 64, 32, 16, 8, 4, 2, 1, 0.5, ಹತ್ತನೆಯದರಲ್ಲಿ 0.25 ಆಯಿತು. 12ನೇ ಗುಳಿಗೆ ಬ್ಯಾಕ್ಟೀರಿಯಾ ಹಾಕುವುದಿಲ್ಲ. ಪ್ಲೇಟನ್ನು ಮುಚ್ಚಿ 35 ಡಿಗ್ರಿ ಇನ್‌ಕ್ಯುಬೇಟರಿನಲ್ಲಿ ಇಡುತ್ತೇವೆ. 16ರಿಂದ 20 ಗಂಟೆ ಬಿಟ್ಟು ತೆಗೆಯುತ್ತೇವೆ.

ಬೆಳಿಗ್ಗೆ ಪ್ಲೇಟ್ ತೆಗೆದಾಗ ಔಷಧಿಯ ಗುಳಿಗಳನ್ನು ಮೊದಲು ನೋಡಬಾರದು. ನಾನು ಹೊಸದಾಗಿ ಬಂದ ಹುಡುಗ ಹುಡುಗಿಯರಿಗೆ ಮೊದಲ ದಿನ ಹೇಳಿಕೊಡುವುದು ಇದನ್ನೇ. ಮೊದಲು 12ನೇ ಗುಳಿ ನೋಡಬೇಕು. ಅದು ತಿಳಿಯಾಗಿರಬೇಕು. ಅದೇ ಕದಡಿದ್ದರೆ ಬ್ರಾತ್ ಕೆಟ್ಟಿದೆ, ಪ್ಲೇಟ್ ಬಿಸಾಡಬೇಕು. ಆಮೇಲೆ 11. ಅಲ್ಲಿ ಔಷಧಿ ಇಲ್ಲ, ಬ್ಯಾಕ್ಟೀರಿಯಾ ಇದೆ. ಅದು ಚೆನ್ನಾಗಿ ಕದಡಿರಬೇಕು, ತಳದಲ್ಲಿ ಅಂಗಿಯ ಬಿಳಿ ಗುಂಡಿಯ ಹಾಗೆ ಕೂತಿರಬೇಕು. ಅಲ್ಲೇ ಬೆಳೆ ಬಡಕಲಾಗಿದ್ದರೆ ಉಳಿದ ಗುಳಿಗಳು ತಿಳಿಯಾಗಿರುವುದಕ್ಕೆ ಔಷಧಿ ಕಾರಣ ಅಂತ ಹೇಳುವ ಹಾಗಿಲ್ಲ.

ಇವೆರಡೂ ಸರಿಯಿದ್ದರೆ ಕಪ್ಪು ಹಿನ್ನೆಲೆಯ ಮೇಲೆ ಹಿಡಿದು ಸಾಲನ್ನು ಓದುತ್ತೇವೆ. ನಮ್ಮ ಉದಾಹರಣೆಯಲ್ಲಿ 128, 64, 32, 16 ತಿಳಿಯಾಗಿವೆ. 8ರಿಂದ ಮುಂದಕ್ಕೆ ಎಲ್ಲಾ ಕದಡಿವೆ. ತಿಳಿಯಾದ ಗುಳಿಗಳಲ್ಲಿ ಔಷಧಿ ಅತಿ ಕಡಿಮೆ ಇರುವುದು 16ರದ್ದು. ಹಾಗಾಗಿ ಎಂಐಸಿ 16.

ನಿಜ ಹೇಳಬೇಕೆಂದರೆ ಅದು ಸರಿಯಾಗಿ 16 ಅಲ್ಲ. 8 ಸಾಲಲಿಲ್ಲ, 16 ಸಾಕಾಯಿತು. ನಡುವೆ 9 ಸಾಕಾಗುತ್ತಿತ್ತೋ 13 ಬೇಕಾಗುತ್ತಿತ್ತೋ ನಮಗೆ ಗೊತ್ತಿಲ್ಲ, ಏಕೆಂದರೆ ಆ ಗುಳಿಗಳೇ ಇಲ್ಲ. ಅದೇ ಬ್ಯಾಕ್ಟೀರಿಯಾವನ್ನು ನಾಳೆ ಮತ್ತೆ ಹಾಕಿದರೆ 8 ಬರಬಹುದು, 32 ಬರಬಹುದು. ಒಂದು ಮೆಟ್ಟಿಲು ಆಚೀಚೆ ಆಗುವುದು ಈ ಪರೀಕ್ಷೆಯ ಗುಣ. ಅದನ್ನು ತಪ್ಪು ಅನ್ನುವುದಿಲ್ಲ. ಕಳೆದ ಸಲ 8 ಇತ್ತು, ಈ ಸಲ 16 ಆಗಿದೆ, ಕಾಯಿಲೆ ಎರಡು ಪಟ್ಟಾಗಿದೆ ಅಂತ ಗಾಬರಿಯಾಗಿ ಫೋನ್ ಮಾಡುವವರಿದ್ದಾರೆ. ದಯವಿಟ್ಟು ಹಾಗೆ ಓದಬೇಡಿ.

ಕೆಲವೊಮ್ಮೆ ಸಾಲಿನ ನಡುವೆ ಒಂದು ಗುಳಿ ಮಾತ್ರ ವಿಚಿತ್ರವಾಗಿರುತ್ತದೆ. 16 ಕದಡಿ, 8 ತಿಳಿಯಾಗಿ, 4 ಮತ್ತೆ ಕದಡಿದೆ ಅನ್ನಿ. ಆಗ ತಿಳಿಯಾದ 8ನ್ನು ನಂಬುವುದಿಲ್ಲ. ಅಲ್ಲಿ ಬ್ಯಾಕ್ಟೀರಿಯಾ ಹಾಕುವುದೇ ತಪ್ಪಿರಬಹುದು. ಹೆಚ್ಚಿನ ಕಡೆಯ ಉತ್ತರ 32ನ್ನೇ ಬರೆಯುತ್ತೇವೆ. ಒಂದೇ ಸಾಲಿನಲ್ಲಿ ಎರಡು ಕಡೆ ಹೀಗಾದರೆ ರಿಪೋರ್ಟ್ ಕೊಡದೆ ಮತ್ತೆ ಮಾಡುತ್ತೇವೆ.

ಎರಡನೇ ಸಾಲಿನಲ್ಲಿ ಸಿಪ್ರೊಫ್ಲಾಕ್ಸಾಸಿನ್ ಇಟ್ಟಿದ್ದೆವು ಅಂದುಕೊಳ್ಳಿ, 8ರಿಂದ ಶುರು ಮಾಡಿ ಕೆಳಕ್ಕೆ. ಹತ್ತೂ ಗುಳಿಗಳು ಕದಡಿವೆ, ಮೊದಲನೆಯದೂ. ಆಗ ಎಂಐಸಿ 8ಕ್ಕಿಂತ ಜಾಸ್ತಿ ಅಂತ ಮಾತ್ರ ಬರೆಯಬಹುದು. 16 ಇರಬಹುದು, 64 ಇರಬಹುದು. ನಿಮ್ಮ ರಿಪೋರ್ಟಿನ ≥ ಮತ್ತು ≤ ಗುರುತುಗಳ ಅರ್ಥವೂ ಇದೇ ಜಾತಿಯದು. ಈಗ ಹೆಚ್ಚಿನ ಲ್ಯಾಬುಗಳಲ್ಲಿ ಯಂತ್ರ ಈ ಕೆಲಸ ಮಾಡುತ್ತದೆ. ಅದರ ಚಿಕ್ಕ ಕಾರ್ಡಿನಲ್ಲಿ ಒಂದೊಂದು ಔಷಧಿಗೆ ಕೆಲವೇ ಗುಳಿಗಳಿರುತ್ತವೆ. ಬೆಳೆಯುವ ವೇಗವನ್ನು ಬೆಳಕಿನಿಂದ ಅಳೆದು ಯಂತ್ರ ಎಂಐಸಿ ಲೆಕ್ಕ ಹಾಕುತ್ತದೆ. ≤16 ಅಂದರೆ ಯಂತ್ರ ಹೇಳಬಲ್ಲ ಅತಿ ಕಡಿಮೆ ಸಂಖ್ಯೆಯೇ 16. ನಿಜವಾದದ್ದು 16 ಇರಬಹುದು, 4 ಕೂಡ ಇರಬಹುದು. ಹಾಗಾಗಿ ನೀವು 0.25 ಮತ್ತು 16 ಅಂತ ಹೋಲಿಸಿದ್ದು ಬ್ಯಾಕ್ಟೀರಿಯಾದ ಗುಣವನ್ನಲ್ಲ, ಕಾರ್ಡಿನ ಅಳತೆಪಟ್ಟಿ ಎಲ್ಲಿ ಮುಗಿಯುತ್ತದೆ ಅನ್ನುವುದನ್ನು.

ಪರೀಕ್ಷೆ ಎಲ್ಲಿ ದಾರಿ ತಪ್ಪುತ್ತದೆ ಅನ್ನುವುದಕ್ಕೆ ನನ್ನದೇ ಒಂದು ಅನುಭವ ಹೇಳುತ್ತೇನೆ. ನಾನು ಮೊದಲು ಕೆಲಸ ಮಾಡುತ್ತಿದ್ದ ಲ್ಯಾಬ್. ಜೋರು ಮಳೆಗಾಲ. ಒಂದು ಇ. ಕೋಲಿಗೆ ಸೆಫೊಟ್ಯಾಕ್ಸಿಮ್ ಅನ್ನುವ ಇಂಜೆಕ್ಷನ್ನಿನ ಎಂಐಸಿ 1 ಬಂತು. 1ರವರೆಗೆ ಔಷಧಿ ನಡೆಯುತ್ತದೆ ಅಂತ ಲೆಕ್ಕ. ಅದರ ಜೊತೆ ನಾವು ಯಾವಾಗಲೂ ಗುಣ ಗೊತ್ತಿರುವ ಇ. ಕೋಲಿಯೊಂದನ್ನು ಓಡಿಸುತ್ತೇವೆ, ಎಟಿಸಿಸಿ 25922 ಅಂತ. ಅದರ ಉತ್ತರ ಇಂತಿಷ್ಟರೊಳಗೆ ಬರಬೇಕು ಅಂತ ಪಟ್ಟಿ ಇದೆ. ಉದಾಹರಣೆಗೆ ನೈಟ್ರೊಫ್ಯುರಾಂಟಾಯಿನಿಗೆ 4ರಿಂದ 16. ಆ ದಿನ ಅದರ ಉತ್ತರಗಳೆಲ್ಲಾ ಪಟ್ಟಿಯೊಳಗೇ ಇದ್ದವು. ರಿಪೋರ್ಟಿಗೆ ಸಹಿ ಹಾಕುವುದರಲ್ಲಿದ್ದೆ.

ತಡೆದದ್ದು ಒಂದು ಎಣಿಕೆ. ಬ್ಯಾಕ್ಟೀರಿಯಾ ಹಾಕಿದ ತಕ್ಷಣ 11ನೇ ಗುಳಿಯಿಂದ 10 ಮೈಕ್ರೋಲೀಟರ್ ತೆಗೆದು 10 ಮಿಲಿಲೀಟರ್ ಸಲೈನಿಗೆ ಹಾಕುತ್ತೇವೆ. ಸಾವಿರ ಪಟ್ಟು ತೆಳುವಾಯಿತು. ಅದರಲ್ಲಿ 100 ಮೈಕ್ರೋಲೀಟರನ್ನು ಅಗಾರ್ ಪ್ಲೇಟಿನ ಮೇಲೆ ಹರಡಿ ಇಡುತ್ತೇವೆ. ಗುಳಿಯಲ್ಲಿ ಮಿಲಿಲೀಟರಿಗೆ 5 ಲಕ್ಷ ಇದ್ದರೆ ಮರುದಿನ ಸುಮಾರು 50 ಕಾಲೊನಿ ಕಾಣಬೇಕು. 20ರಿಂದ 80ರವರೆಗೆ ನಡೆಯುತ್ತದೆ. ಆ ದಿನ ಇದ್ದದ್ದು 8. ಅಂದರೆ ಬೇಕಾದದ್ದರ ಆರನೇ ಒಂದು ಪಾಲು ಬ್ಯಾಕ್ಟೀರಿಯಾ ಹಾಕಿದ್ದೆವು.

ಕಾರಣ ಹುಡುಕಿದಾಗ ಸಿಕ್ಕಿದ್ದು ಮೆಕ್‌ಫಾರ್ಲೆಂಡ್ ಟ್ಯೂಬ್. ಅದರ ಮಬ್ಬಿಗೆ ಕಾರಣ ಬೇರಿಯಂ ಸಲ್ಫೇಟಿನ ಪುಡಿ. ಅದು ತಳಕ್ಕೆ ಇಳಿಯುತ್ತದೆ. ಪ್ರತಿ ಸಲ ಜೋರಾಗಿ ಅಲುಗಿಸಿ ಬಳಸಬೇಕು. ನಮ್ಮ ಟ್ಯೂಬ್ ಹಳೆಯದು, ಪುಡಿ ಗಂಟುಗಂಟಾಗಿ ತಳ ಹಿಡಿದಿತ್ತು. ಮೇಲಿನ ದ್ರವ ಹೆಚ್ಚುಕಡಿಮೆ ತಿಳಿಯಾಗಿತ್ತು. ನಾವು ಬ್ಯಾಕ್ಟೀರಿಯಾವನ್ನೂ ಅಷ್ಟೇ ತಿಳಿಯಾಗಿ ಕಲಸಿದ್ದೆವು.

ಹೊಸ ಟ್ಯೂಬ್ ತಂದು ಮತ್ತೆ ಮಾಡಿದೆವು. ಈ ಸಲ 46 ಕಾಲೊನಿ. ಎಂಐಸಿ 4. ಸೆಫೊಟ್ಯಾಕ್ಸಿಮಿಗೆ 4 ಅಂದರೆ ಔಷಧಿ ನಡೆಯುವುದಿಲ್ಲ ಅಂತಲೇ. ಆ ಬ್ಯಾಕ್ಟೀರಿಯಾ ಔಷಧಿಯನ್ನು ಒಡೆದುಹಾಕುವ ಕಿಣ್ವ ಮಾಡುವಂಥದ್ದು. ಬ್ಯಾಕ್ಟೀರಿಯಾ ಕಡಿಮೆ ಇದ್ದಾಗ ಕಿಣ್ವವೂ ಕಡಿಮೆ, ಔಷಧಿ ಗೆದ್ದ ಹಾಗೆ ಕಾಣುತ್ತದೆ. ಬ್ಯಾಕ್ಟೀರಿಯಾ ಬೇಕಾದಷ್ಟಿದ್ದಾಗ ನಿಜ ಹೊರಬೀಳುತ್ತದೆ. ಎಟಿಸಿಸಿ 25922 ಯಾಕೆ ಎಚ್ಚರಿಸಲಿಲ್ಲ ಅಂದರೆ, ಆ ತಳಿ ಇಂಥ ಕಿಣ್ವ ಮಾಡುವುದಿಲ್ಲ. ಅದನ್ನು ಸ್ವಲ್ಪ ಕಡಿಮೆ ಹಾಕಿದರೂ ಉತ್ತರ ಅಷ್ಟಾಗಿ ಅಲುಗುವುದಿಲ್ಲ. ಎಣಿಕೆಯ ಪ್ಲೇಟ್ ಹಾಕದೆ ಇದ್ದಿದ್ದರೆ ಆ ರೋಗಿಗೆ ಕೆಲಸ ಮಾಡದ ಇಂಜೆಕ್ಷನ್ ಹೋಗುತ್ತಿತ್ತು. ಅವತ್ತಿನಿಂದ ನಾನು ಎಣಿಕೆ ನೋಡದೆ ಸಹಿ ಹಾಕಿಲ್ಲ.

ಸರಿ, ಎಂಐಸಿ ಬಂತು. ಅದು ಚೆನ್ನೋ ಕೆಟ್ಟದ್ದೋ ಅಂತ ತೀರ್ಮಾನಿಸುವುದು ಹೇಗೆ? ಅದಕ್ಕೆ ಪ್ರತಿ ಔಷಧಿಗೂ ಬೇರೆ ಬೇರೆ ಗಡಿ ಇದೆ, ಬ್ರೇಕ್‌ಪಾಯಿಂಟ್ ಅನ್ನುತ್ತೇವೆ. ಅಮೆರಿಕದ ಸಿಎಲ್‌ಎಸ್‌ಐ ಮತ್ತು ಯುರೋಪಿನ ಯೂಕಾಸ್ಟ್ ಸಂಸ್ಥೆಗಳು ಇವನ್ನು ನಿಗದಿ ಮಾಡಿ ಆಗಾಗ ತಿದ್ದುತ್ತವೆ. ಗಡಿ ಇಡುವಾಗ ಮುಖ್ಯವಾಗಿ ನೋಡುವುದು, ಮಾಮೂಲಿ ಡೋಸ್ ಕೊಟ್ಟಾಗ ಸೋಂಕಿರುವ ಜಾಗಕ್ಕೆ ಎಷ್ಟು ಔಷಧಿ ತಲುಪುತ್ತದೆ ಅನ್ನುವುದನ್ನು.

ನೈಟ್ರೊಫ್ಯುರಾಂಟಾಯಿನ್ ಇಲ್ಲಿ ಒಳ್ಳೆ ಉದಾಹರಣೆ. ನುಂಗಿದ ಮಾತ್ರೆ ರಕ್ತದಲ್ಲಿ ನಿಲ್ಲುವುದೇ ಇಲ್ಲ ಅನ್ನಬಹುದು. ಅಲ್ಲಿ ಅದು ಮಿಲಿಲೀಟರಿಗೆ 1 ಮೈಕ್ರೋಗ್ರಾಂ ಕೂಡ ದಾಟುವುದು ಕಷ್ಟ. ಮೂತ್ರಪಿಂಡ ಅದನ್ನು ಬೇಗ ಸೋಸಿ ಮೂತ್ರಕ್ಕೆ ತಳ್ಳುತ್ತದೆ. ಮೂತ್ರದಲ್ಲಿ ಅದು ನೂರರ ಆಸುಪಾಸಿಗೆ ಏರುತ್ತದೆ. ಹಾಗಾಗಿ ಸಿಎಲ್‌ಎಸ್‌ಐ ಗಡಿ 32. ಅಷ್ಟರವರೆಗೆ ಎಸ್, ಅಂದರೆ ಔಷಧಿ ನಡೆಯುತ್ತದೆ. 64 ಬಂದರೆ ಐ, ನಡುವಿನದು. 128ರಿಂದ ಮೇಲೆ ಆರ್, ನಡೆಯುವುದಿಲ್ಲ. ಯೂಕಾಸ್ಟ್ ಲೆಕ್ಕದಲ್ಲಿ 64 ಕೂಡ ಎಸ್. ರಿಪೋರ್ಟಿನಲ್ಲಿ ಯಾರ ಗಡಿ ಬಳಸಿದ್ದಾರೆ ಅಂತ ಬರೆದಿರಬೇಕು ಅನ್ನುವುದು ಇದಕ್ಕೇ.

ಸಿಪ್ರೊಫ್ಲಾಕ್ಸಾಸಿನ್ ಗಡಿ 0.25. 1 ಮತ್ತು ಅದಕ್ಕಿಂತ ಮೇಲೆ ಬಂದರೆ ಆರ್. ನಿಮ್ಮ ಅಮ್ಮನದು ≥4. ಗಡಿಯಿಂದ ಬಹಳ ದೂರ, ಅದರಲ್ಲಿ ಚರ್ಚೆಯಿಲ್ಲ. ಈಗ ವಿಚಾರ ಮಾಡಿ. ಸಿಪ್ರೊದ 4ಕ್ಕಿಂತ ನೈಟ್ರೊಫ್ಯುರಾಂಟಾಯಿನಿನ 16 ದೊಡ್ಡದು. ಆದರೂ 16 ಇರುವುದು ನಡೆಯುತ್ತದೆ, 4 ಇರುವುದು ನಡೆಯುವುದಿಲ್ಲ. ಸಂಖ್ಯೆಯನ್ನು ಪಕ್ಕದ ಔಷಧಿಯ ಜೊತೆ ಇಟ್ಟು ನೋಡಬಾರದು, ಅದರದ್ದೇ ಗಡಿಯ ಜೊತೆ ಇಟ್ಟು ನೋಡಬೇಕು.

ಮೆರೊಪೆನೆಮ್ ಗಡಿ 1. ನಿಮ್ಮ ರಿಪೋರ್ಟಿನ ≤0.25 ಕೂಡ ಎಸ್. ಅದೂ ಕೆಲಸ ಮಾಡುತ್ತದೆ. ಆದರೆ ಅದನ್ನು ರಕ್ತನಾಳಕ್ಕೆ ಇಂಜೆಕ್ಷನ್ ಆಗಿ ದಿನಕ್ಕೆ ಹಲವು ಸಲ ಕೊಡಬೇಕು, ಆಸ್ಪತ್ರೆ ಹಾಸಿಗೆ ಬೇಕು. ಬೇರೆಲ್ಲಾ ಸೋತಾಗ ಜೀವ ಉಳಿಸುವುದಕ್ಕೆ ಕಾದಿಡುವ ಔಷಧಿ ಅದು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಎಚ್ಚರದಿಂದ ಬಳಸಬೇಕಾದ ಗುಂಪಿನಲ್ಲಿ ಇಟ್ಟಿದೆ. ನೈಟ್ರೊಫ್ಯುರಾಂಟಾಯಿನನ್ನು ಮೊದಲಿಗೆ ಬಳಸಬಹುದಾದ ಗುಂಪಿನಲ್ಲಿ ಇಟ್ಟಿದೆ. ಮೂತ್ರಕೋಶದ ಉರಿಗೆ ಬಾಯಿಂದ ನುಂಗುವ ಮಾತ್ರೆ ಸಾಕಾಗುವಾಗ ಮೆರೊಪೆನೆಮ್ ಬರೆದಿದ್ದರೆ ನಾನೇ ಬೇಡ ಅನ್ನುತ್ತಿದ್ದೆ.

ಒಂದು ಎಚ್ಚರಿಕೆ ಮಾತ್ರ ನಿಮ್ಮ ಕೈಯಲ್ಲಿರುವುದು. ಗುಳಿಯಲ್ಲಿ ಬಂದ ಆ ≤16 ಒಳ್ಳೆಯದು ಅಂತ ನಾವು ಹೇಳುತ್ತಿರುವುದು, ಔಷಧಿ ಮೂತ್ರದಲ್ಲಿ ನೂರರಷ್ಟು ಸೇರುತ್ತದೆ ಅನ್ನುವ ನಂಬಿಕೆಯ ಮೇಲೆ. ಮೂತ್ರಪಿಂಡದ ಶಕ್ತಿ ಬಹಳ ಕುಗ್ಗಿದ್ದರೆ ಅಷ್ಟು ಸೇರುವುದಿಲ್ಲ. ಅಮ್ಮನ ಕ್ರಿಯಾಟಿನಿನ್ ಪರೀಕ್ಷೆ ಆಗಿದೆಯಾ ಅಂತ ಡಾಕ್ಟರನ್ನು ಒಂದು ಮಾತು ಕೇಳಿ. ಹಾಗೆಯೇ ಚಳಿ ಜ್ವರ, ಪಕ್ಕೆಯ ಹಿಂದೆ ನೋವು, ವಾಂತಿ ಶುರುವಾದರೆ ಸೋಂಕು ಮೂತ್ರಪಿಂಡಕ್ಕೆ ಏರಿದೆ ಅಂತ ಅನುಮಾನಿಸಬೇಕು. ಅಲ್ಲಿನ ಮಾಂಸಕ್ಕೂ ರಕ್ತಕ್ಕೂ ಈ ಮಾತ್ರೆ ಸಾಕಷ್ಟು ತಲುಪುವುದಿಲ್ಲ. ಆಗ ರಿಪೋರ್ಟಿನಲ್ಲಿ ಎಸ್ ಅಂತ ಇದೆಯಲ್ಲ ಅಂತ ಮಾತ್ರೆ ಮುಗಿಯುವವರೆಗೆ ಕಾಯಬೇಡಿ. ಅವತ್ತೇ ಅಮ್ಮನನ್ನು ಕರೆದುಕೊಂಡು ಹೋಗಿ, ಇದೇ ರಿಪೋರ್ಟನ್ನು ಜೊತೆಗೆ ಇಟ್ಟುಕೊಳ್ಳಿ. ರಕ್ತಕ್ಕೆ ತಲುಪುವ ಬೇರೆ ಔಷಧಿಯನ್ನು ಡಾಕ್ಟರು ಅದರಲ್ಲೇ ನೋಡಿ ಆರಿಸುತ್ತಾರೆ.